64 ಫೋನ್, ಒಂದು ಹಾಲ್: ಕಾರವಾರದ ಬಿಜಿಎಂಐ ಫೈನಲ್‌ಗೆ ನೆಟ್ ಹೇಗೆ ಮಾಡೋದು?

ಕೋಡಿಬಾಗ್ ಕಿಟ್ಟ · ಶುಕ್ರವಾರ ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ನಂದು ಮೊಬೈಲ್ ರಿಪೇರಿ ಅಂಗಡಿ. ಅಂಗಡಿಗೆ ಬರೋ ಹುಡುಗರ ಒತ್ತಾಯಕ್ಕೆ ಜಿಲ್ಲೆ ಮಟ್ಟದಲ್ಲಿ ಬಿಜಿಎಂಐ ಅನ್ನೋ ಮೊಬೈಲ್ ಆಟದ ಒಂದು ಟೂರ್ನಿ ಶುರು ಮಾಡಿದ್ದೇನೆ. ಮೊದಲ ಸುತ್ತನ್ನು ಎಲ್ಲರೂ ಅವರವರ ಮನೆಯಿಂದಲೇ ಆಡಿದರು. ಈಗ 16 ತಂಡ ಉಳಿದಿವೆ.

ತಕರಾರು ಬಂದಿದ್ದು ಇಲ್ಲೇ. ಶಿರಸಿ ಕಡೆಯ ಒಂದು ತಂಡ ಮೊದಲ ಎರಡು ಮ್ಯಾಚ್‌ನಲ್ಲಿ ಮೇಲಿತ್ತು. ರಾತ್ರಿ 9ರ ನಂತರದ ಮೂರು ಮ್ಯಾಚ್‌ನಲ್ಲಿ ಒಂದೂ ಪಾಯಿಂಟ್ ಇಲ್ಲ. ಕಷ್ಟಪಟ್ಟು 16ನೇ ಸ್ಥಾನದಲ್ಲಿ ಒಳಗೆ ಬಂದಿದ್ದಾರೆ. "ನೆಟ್ ಸಾಯ್ತು, ನಮ್ಮ ಆಟ ಅಲ್ಲ" ಅಂತಿದ್ದಾರೆ. ಅದಕ್ಕೇ ಫೈನಲ್ ಒಂದೇ ಹಾಲ್‌ನಲ್ಲಿ ಮಾಡೋಣ, ಎಲ್ಲರಿಗೂ ಒಂದೇ ನೆಟ್ ಅಂತ ಯೋಚನೆ. 16 ತಂಡ, ತಂಡಕ್ಕೆ ನಾಲ್ವರು, ಒಟ್ಟು 64 ಫೋನ್. ಹಾಲ್‌ನಲ್ಲಿ 100 ಎಂಬಿಪಿಎಸ್ ಫೈಬರ್ ಇದೆ. ಸಾಕಾಗ್ತದಾ?

ಅಂಕೋಲಾ ಕ್ಲಚ್ · 10:31

ಸಾಕಾಗೋದಿಲ್ಲ ಅಣ್ಣ. 64 ಜನಕ್ಕೆ 100 ಅಂದ್ರೆ ಒಬ್ಬರಿಗೆ ಒಂದೂವರೆ ಎಂಬಿಪಿಎಸ್. ಕಡಿಮೆ ಅಂದ್ರೂ 500ರ ಪ್ಲ್ಯಾನ್ ಹಾಕಿಸಿ. ಇಲ್ಲಾಂದ್ರೆ ಎಲ್ಲರೂ ಅವರವರ ಸಿಮ್‌ನಲ್ಲೇ ಆಡಲಿ, ದಿನಕ್ಕೆ 2 ಜಿಬಿ ಎಲ್ಲರ ಹತ್ರ ಇರ್ತದೆ.

ಶಿರಸಿಯವರು ನೆಪ ಹೇಳ್ತಿದ್ದಾರೆ ಅನ್ನೋದು ನನ್ನ ಅಭಿಪ್ರಾಯ.

ಅಡಕೆ ತೋಟ · 10:44

ನೆಪ ಹೇಳ್ತಿರೋ ತಂಡದವ ನಾನೇ. ಸಂಜೆ 7ಕ್ಕೆ ಆಡಿದಾಗ ಪಿಂಗ್ 60, 70 ಮಿಲಿಸೆಕೆಂಡ್. ರಾತ್ರಿ 9 ಆದಮೇಲೆ 200, ನಡುವೆ ಒಮ್ಮೊಮ್ಮೆ 900. ಎದುರಿನವನ ಮೇಲೆ ಪೂರ್ತಿ ಮ್ಯಾಗಜಿನ್ ಖಾಲಿ ಮಾಡ್ತೇನೆ, ಅವನಿಗೆ ಏನೂ ಆಗೋದಿಲ್ಲ. ಅರ್ಧ ಸೆಕೆಂಡ್ ಬಿಟ್ಟು ನಾನು ಸತ್ತಿರ್ತೇನೆ. ನಮ್ಮನೆ ಶಿರಸಿ ಪೇಟೆಯಿಂದ 20 ಕಿ.ಮೀ. ಒಳಗೆ. ಫೋನ್ ಉಪ್ಪರಿಗೆಯ ಕಿಟಕಿ ಹತ್ರ ಇಟ್ಟರೆ ಮಾತ್ರ ಸಿಗ್ನಲ್.

ಟವರ್ ಭಟ್ಟ · 11:15

ತಮ್ಮಾ, ಬೇಜಾರು ಮಾಡ್ಕೊಬೇಡ, ಮೊದಲು ಒಂದು ಪ್ರಶ್ನೆ. ಫೋನ್ ಬಿಸಿ ಆಗಿತ್ತಾ? ಯಾಕಂದ್ರೆ ಎಷ್ಟೋ ಜನ ಫೋನ್‌ನ ತೊಂದರೆಯನ್ನು ನೆಟ್ ಮೇಲೆ ಹಾಕ್ತಾರೆ. ನೋಡೋದು ಹೀಗೆ: ನಿಂತಲ್ಲೇ ಬೆರಳಿನಿಂದ ಸುತ್ತ ತಿರುಗು. ನೋಟ ತಡೆದು ತಡೆದು ತಿರುಗಿದರೆ ಅದು ಫೋನ್ ಬಿಸಿಯಾಗಿ ಸೋತಿರೋದು. ನಿನ್ನ ನೋಟ ನುಣ್ಣಗೆ ತಿರುಗಿ, ಬಾಗಿಲು ಮಾತ್ರ ಒತ್ತಿದ ಮೇಲೆ ತಡವಾಗಿ ತೆರೆದರೆ, ಎದುರಿನವರು ಇಲ್ಲಿಂದ ಅಲ್ಲಿಗೆ ಹಾರಿದ ಹಾಗೆ ಕಂಡರೆ ಅದು ನೆಟ್.

ನೆಟ್ ಅಂತಾದರೆ ನಾಳೆ ಎರಡು ಹೊತ್ತಲ್ಲಿ ಅಳೆದು ಹಾಕು. ಫೋನ್‌ಗೆ ಟರ್ಮಕ್ಸ್ ಹಾಕ್ಕೊಂಡು, ಆಡೋ ಜಾಗದಲ್ಲೇ ಕೂತು ಇದನ್ನ ಓಡಿಸು. ಬೆಳಿಗ್ಗೆ 6:30ಕ್ಕೆ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ.

```
ping -c 100 8.8.8.8
```

ಕಿಟ್ಟಣ್ಣ, ನಿಮ್ಮ ಹಾಲ್ ಬಗ್ಗೆ ನಾಳೆ ಬರೀತೇನೆ. 500 ಎಂಬಿಪಿಎಸ್‌ಗೆ ದುಡ್ಡು ಹಾಕಬೇಡಿ.

ಕುಮಟಾ ತಾಯಿ · ಶನಿವಾರ ಬೆಳಿಗ್ಗೆ 7:05

ಇದೆಲ್ಲ ಬ್ಯಾನ್ ಆಗಿಲ್ವಾ? ಕಳೆದ ವರ್ಷ ಕಾನೂನು ಬಂತು ಅಂತ ಪೇಪರ್‌ನಲ್ಲಿ ಓದಿದ್ದೆ. ನನ್ನ ಮಗ ಪಿಯುಸಿ, ದಿನಾ ರಾತ್ರಿ 12 ಗಂಟೆ ತನಕ ಕಾಯ್ತಾ ಕೂತಿರ್ತಾನೆ. ಕೇಳಿದರೆ "ಡೇಟಾ ಬರ್ಲಿ ಅಂತ" ಅಂತಾನೆ. ಯಾವ ಡೇಟಾ 12ಕ್ಕೆ ಬರ್ತದೆ ಮಾರಾಯ್ರೆ? ಜೂಜಾ ಇದು?

ಕೋಡಿಬಾಗ್ ಕಿಟ್ಟ · 7:40

ಅಕ್ಕಾ, ಜೂಜಲ್ಲ. ನೀವು ಓದಿದ್ದು 2025ರ ಆಗಸ್ಟ್‌ನಲ್ಲಿ ಆದ ಕಾಯ್ದೆ. ಹಣ ಕಟ್ಟಿ ಹಣ ಗೆಲ್ಲೋ ಆಟಗಳನ್ನು ಅದು ನಿಲ್ಲಿಸ್ತು, ಸ್ಪರ್ಧೆಯಾಗಿ ಆಡೋ ಇಸ್ಪೋರ್ಟ್ಸ್‌ನ ಬೇರೆ ಇಟ್ಟಿದೆ. ನಾನು ಮೊದಲು ತಂಡಕ್ಕೆ 200 ರೂಪಾಯಿ ಎಂಟ್ರಿ ಇಡೋಣ ಅಂತಿದ್ದೆ. ಇಸ್ಪೋರ್ಟ್ಸ್‌ಗೆ ಪ್ರವೇಶ ಶುಲ್ಕ ತಗೊಳ್ಳಬಹುದು ಅಂತ ಕಾಯ್ದೆಯಲ್ಲಿದೆ. ಆದರೆ ಇಸ್ಪೋರ್ಟ್ಸ್ ಅಂದರೆ ಮಾನ್ಯತೆ, ನೋಂದಣಿ ಎಲ್ಲ ಇರಬೇಕು ಅಂತಲೂ ಇದೆ. ನಮ್ಮಂಥ ಅಂಗಡಿ ಟೂರ್ನಿ ಅದರೊಳಗೆ ಬರ್ತದಾ? ಗೊತ್ತಿರೋ ವಕೀಲರು ಇಬ್ಬರು ಎರಡು ಥರ ಹೇಳಿದರು. ತಲೆನೋವೇ ಬೇಡ ಅಂತ ಎಂಟ್ರಿ ತೆಗೆದೆ. ಬಹುಮಾನದ ಹಣ ನಂದೇ, ಜೊತೆಗೆ ಗೆಳೆಯನ ಬೇಕರಿಯದ್ದು.

12 ಗಂಟೆಯ ಡೇಟಾ ಅಂದ್ರೆ ದಿನದ ಕೋಟಾ. ನಡುರಾತ್ರಿಗೆ ಹೊಸದಾಗಿ ಶುರು ಆಗ್ತದೆ.

ಟವರ್ ಭಟ್ಟ · 1:20

ತಾಯಿಯವರ ಮಗ ಕಾಯೋದು ಆಟಕ್ಕಲ್ಲ, ಅಪ್‌ಡೇಟ್‌ಗೆ ಇರಬೇಕು.

ಎಷ್ಟೋ ಜನರಿಗೆ ತಪ್ಪು ತಿಳುವಳಿಕೆ ಇರೋದು ಇಲ್ಲೇ. ಆಟ ಆಡೋಕೆ ಡೇಟಾ ತುಂಬ ಕಮ್ಮಿ ಸಾಕು. ನನ್ನ ಫೋನ್‌ನಲ್ಲಿ ನೋಡಿದ ಲೆಕ್ಕ, ಅರ್ಧ ಗಂಟೆಯ ಒಂದು ಮ್ಯಾಚ್‌ಗೆ ಸುಮಾರು 25 ಎಂಬಿ, ಮಾತಾಡೋದೂ ಸೇರಿ. ಆಟದ ಚಿತ್ರ, ನಕ್ಷೆ, ಶಬ್ದ ಎಲ್ಲ ಫೋನ್‌ನಲ್ಲೇ ಇರ್ತದೆ. ನೆಟ್‌ನಲ್ಲಿ ಹೋಗೋದು "ನಾನು ಇಲ್ಲಿದ್ದೇನೆ, ಇತ್ತ ನೋಡ್ತಿದ್ದೇನೆ, ಗುಂಡು ಹಾರಿಸಿದೆ" ಅನ್ನೋ ಚಿಕ್ಕ ಚಿಕ್ಕ ಚೀಟಿ ಮಾತ್ರ. ಅಪ್‌ಡೇಟ್ ಬಂದಾಗ ಮಾತ್ರ ಒಂದು, ಎರಡು ಜಿಬಿ ಹೋಗ್ತದೆ. ದಿನಕ್ಕೆ 1.5 ಜಿಬಿ ಇರೋ ಹುಡುಗ ಏನು ಮಾಡ್ತಾನೆ? ರಾತ್ರಿ 11:45ಕ್ಕೆ ಉಳಿದ ಕೋಟಾದಲ್ಲಿ ಅರ್ಧ ಇಳಿಸಿ, 12 ದಾಟಿದ ಮೇಲೆ ಹೊಸ ಕೋಟಾದಲ್ಲಿ ಇನ್ನರ್ಧ ಇಳಿಸ್ತಾನೆ.

ಹಾಗಾದ್ರೆ ಡೇಟಾ ಅಗ್ಗ ಆಗಿದ್ದು ಏನು ಬದಲಾಯಿಸ್ತು? 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬರೋ ಮೊದಲು 1 ಜಿಬಿಗೆ ಹತ್ತಿರ ಹತ್ತಿರ 250 ರೂಪಾಯಿ, ಅದೂ ತಿಂಗಳಿಗೆ. ಆ ದರದಲ್ಲೂ ದಿನಕ್ಕೆ ಒಂದು ಮ್ಯಾಚ್ ಆಡಬಹುದಿತ್ತು ನೋಡಿ. ಆದರೆ ಆಟ ಇಳಿಸೋಕೇ ತಿಂಗಳ ಪ್ಯಾಕ್ ಮುಗೀತಿತ್ತು. ದೊಡ್ಡ ಆಟಗಾರರ ಆಟವನ್ನು ಯೂಟ್ಯೂಬ್‌ನಲ್ಲಿ ಗಂಟೆಗಟ್ಟಲೆ ನೋಡಿ ಕಲಿಯೋದಂತೂ ಆಗ್ತಾನೇ ಇರಲಿಲ್ಲ. ಬಿಜಿಎಂಐಯ ಹಿಂದಿನ ರೂಪ ಪಬ್‌ಜಿ ಮೊಬೈಲ್ ಬಂದಿದ್ದು 2018ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ದಿನಕ್ಕೆ ಒಂದು, ಒಂದೂವರೆ ಜಿಬಿ ಮಾಮೂಲಾಗಿತ್ತು. ನಮ್ಮಲ್ಲಿ ಕಂಪ್ಯೂಟರ್ ಇದ್ದ ಮನೆ ಎಷ್ಟು? ಫೋನ್ ಪ್ರತಿ ಮನೆಯಲ್ಲಿತ್ತು. ಹಾಗಾಗಿ ಹುಡುಗರು ನೇರ ಫೋನ್‌ನಲ್ಲೇ ಆಟಗಾರರಾದರು.

ಅಂಕೋಲಾ ಕ್ಲಚ್ · 1:34

25 ಎಂಬಿ ಅಷ್ಟೇ ಆದ್ರೆ ಕೋಟಾ ಮುಗಿದ ಮೇಲೂ ಆಡಬಹುದಲ್ವಾ? 64 ಕೆಬಿಪಿಎಸ್ ಇರ್ತದಲ್ಲ.

ಟವರ್ ಭಟ್ಟ · 1:50

ಲೆಕ್ಕ ಹಾಕು. 64 ಕೆಬಿಪಿಎಸ್ ಅಂದ್ರೆ ಸೆಕೆಂಡಿಗೆ 8 ಕೆಬಿ. ಅರ್ಧ ಗಂಟೆಗೆ 14 ಎಂಬಿ ಚಿಲ್ಲರೆ. ನಿಂಗೆ ಬೇಕಿದ್ದು 25. ವಿಮಾನದಲ್ಲಿ ಕೂತಾಗ, ಖಾಲಿ ಊರಲ್ಲಿ ಲೂಟ್ ಮಾಡೋವಾಗ ನಡೆದ ಹಾಗೆ ಕಾಣ್ತದೆ. ಕೊನೇ ಸರ್ಕಲ್‌ನಲ್ಲಿ ಮೂರು ತಂಡ ಎದುರಾದಾಗ ನಿಂತುಬಿಡ್ತದೆ.

ಹಡಗಿನ ಹೊನ್ನಾವರ · 4:10

ನಾನು ಮರ್ಚೆಂಟ್ ನೇವಿ. ಈಗ ರಜೆಯಲ್ಲಿ ಊರಲ್ಲಿದ್ದೇನೆ. ಹಡಗಿನಲ್ಲಿ ನನ್ನ ಜೊತೆ ಅರ್ಧಕ್ಕರ್ಧ ಫಿಲಿಪೀನ್ಸ್‌ನವರು. ಅವರಿಗೆ ಬಿಜಿಎಂಐ ಅಲ್ಲ, ಮೊಬೈಲ್ ಲೆಜೆಂಡ್ಸ್. ಐದು ಜನ ವಿರುದ್ಧ ಐದು ಜನ, ಹದಿನೈದು ನಿಮಿಷಕ್ಕೆ ಮುಗೀತದೆ. ಮನೀಲಾ ಬಂದರಲ್ಲಿ ಇಳಿದ ಕೂಡಲೇ ಸಿಮ್‌ಗೆ ಲೋಡ್ ಹಾಕಿಸ್ತಾರೆ. ಅವರು ರೀಚಾರ್ಜ್‌ಗೆ ಹೇಳೋದೇ ಲೋಡ್ ಅಂತ. ಮೂಲೆ ಅಂಗಡಿಯಲ್ಲಿ ಶಾಂಪೂ ಸ್ಯಾಶೆ ತಗೊಂಡ ಹಾಗೆ ಎರಡು ದಿನಕ್ಕೆ, ಮೂರು ದಿನಕ್ಕೆ ಅಂತ ಚಿಕ್ಕ ಚಿಕ್ಕ ಪ್ಯಾಕ್. ಅದರಲ್ಲಿ ಗೇಮ್‌ಗೆ ಅಂತಲೇ ಬೇರೆ ಡೇಟಾ ಇರೋ ಪ್ಯಾಕ್ ಕೂಡ ನೋಡಿದ್ದೇನೆ. ನಮ್ಮಲ್ಲಿ ಅಂಥದ್ದು ಯಾಕಿಲ್ಲ?

2019ರ ಸೌತ್ ಈಸ್ಟ್ ಏಷ್ಯನ್ ಗೇಮ್ಸ್‌ನಲ್ಲಿ ಇದಕ್ಕೆ ಪದಕವೇ ಇತ್ತು. ಚಿನ್ನ ಫಿಲಿಪೀನ್ಸ್‌ಗೆ. ಆ ದಿನ ನಮ್ಮ ಮೆಸ್ ರೂಮಿನಲ್ಲಿ ಅಡುಗೆಯವ ಕುಣಿದಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮೊದಲ ಸಲ ಇಂಡೋನೇಷ್ಯಾ ತಂಡ ಗೆದ್ದಿತು. ಎರಡನೆಯದರಿಂದ ಆರನೆಯದರ ತನಕ ಸಾಲಾಗಿ ಫಿಲಿಪೀನ್ಸ್ ತಂಡಗಳೇ.

ಟವರ್ ಭಟ್ಟ · 5:02

ಒಳ್ಳೇ ಪ್ರಶ್ನೆ ಸರ್. ನಮ್ಮಲ್ಲಿ 2016ರ ಫೆಬ್ರವರಿಯಲ್ಲಿ ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸೋ ಟ್ರಾಯ್ ಒಂದು ನಿಯಮ ಮಾಡ್ತು. ನೀವು ಏನು ನೋಡ್ತೀರಿ, ಏನು ಆಡ್ತೀರಿ ಅನ್ನೋದರ ಮೇಲೆ ಕಂಪನಿ ಡೇಟಾಕ್ಕೆ ಬೇರೆ ಬೇರೆ ದರ ಹಾಕೋ ಹಾಗಿಲ್ಲ. ಇದನ್ನು ಮಾಡಿದ್ದು ಆಟಕ್ಕಾಗಿ ಅಲ್ಲ, ಕೆಲವು ವೆಬ್‌ಸೈಟ್ ಮಾತ್ರ ಪುಕ್ಕಟೆ ಕೊಡ್ತೇವೆ ಅಂತ ಬಂದಿದ್ದವರನ್ನು ತಡೆಯೋಕೆ. ಆದರೆ ಆಟದ ಮೇಲೂ ಅದರ ನೆರಳು ಬಿತ್ತು. ಅಲ್ಲಿ ಈ ಆಟಕ್ಕೆ ಇಷ್ಟು ಅಂತ ಮಾರಬಹುದು. ಇಲ್ಲಿ ದಿನಕ್ಕೆ ಇಷ್ಟು, ಏನು ಬೇಕಾದ್ರೂ ಮಾಡ್ಕೊ ಅಂತ ಮಾತ್ರ. ಹಾಗಾಗಿ ಇಲ್ಲಿನ ಹುಡುಗ ಒಂದೇ ಆಟಕ್ಕೆ ಅಂಟ್ಕೊಳ್ಳಲಿಲ್ಲ, ಆಡಿ ಉಳಿದ ಡೇಟಾದಲ್ಲಿ ಯೂಟ್ಯೂಬ್ ನೋಡ್ದ. ನಮ್ಮಲ್ಲಿ ಆಡಿ ಗೆದ್ದವರಿಗಿಂತ ಆಟ ತೋರಿಸೋರು ದೊಡ್ಡ ಹೆಸರು ಮಾಡಿದ್ದಕ್ಕೆ ಇದೂ ಒಂದು ಕಾರಣ ಅನ್ನೋದು ನನ್ನ ಲೆಕ್ಕ. ಒಪ್ಪದೇ ಇರಬಹುದು.

ಹಡಗಿನ ಹೊನ್ನಾವರ · 5:20

ಪೂರ್ತಿ ಒಪ್ಪಲಿಲ್ಲ ಭಟ್ರೇ. ನಾನು ಕಂಡ ಫಿಲಿಪೀನ್ಸ್‌ನವರೂ ಆಡೋದಕ್ಕಿಂತ ನೋಡೋದೇ ಜಾಸ್ತಿ. ನಮ್ಮಲ್ಲಿ ಆಟವನ್ನೇ ತೆಗೆದು ಹಾಕ್ತಿದ್ರಲ್ಲ, ಅದು ದೊಡ್ಡ ಕಾರಣ. ಪಬ್‌ಜಿ 2020ರ ಸೆಪ್ಟೆಂಬರ್‌ನಲ್ಲಿ ಹೋಯ್ತು. ಬಿಜಿಎಂಐ 2021ರಲ್ಲಿ ಬಂತು, 2022ರ ಜುಲೈನಲ್ಲಿ ಮತ್ತೆ ಹೋಯ್ತು, 2023ರಲ್ಲಿ ವಾಪಸ್. ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ಹೋಯ್ತು. ಮೊಬೈಲ್ ಲೆಜೆಂಡ್ಸ್ ಅಂತೂ 2020ರಲ್ಲೇ ಬ್ಯಾನ್. ಇಂಥದ್ದರಲ್ಲಿ ತಂಡ ಕಟ್ಟಿ ಕೂರೋದು ಯಾರು?

ಹಳಿಯಾಳ ಹುಡುಗ · 5:48

ಫ್ರೀ ಫೈರ್ ಹೋದಾಗ ನಾನು ಅತ್ತಿದ್ದೆ. 2 ಜಿಬಿ ರ್‍ಯಾಮ್ ಫೋನ್‌ನಲ್ಲಿ ನಂಗೆ ಆಡೋಕಾಗಿದ್ದು ಅದೊಂದೇ. 50 ಜನ, ಹತ್ತು ನಿಮಿಷ. ಅಪ್ಪ ಫೋನ್ ಕೇಳೋ ಮೊದಲೇ ಒಂದು ಮ್ಯಾಚ್ ಮುಗೀತಿತ್ತು. ಬಿಜಿಎಂಐಯಲ್ಲಿ ಅರ್ಧ ಗಂಟೆ, ನಡುವೆ ಅಪ್ಪನ ಕಾಲ್ ಬಂತು ಅಂದ್ರೆ ಕಥೆ ಮುಗೀತು.

ಅಡಕೆ ತೋಟ · ರಾತ್ರಿ 9:25

ಭಟ್ರೇ, ಅಳೆದೆ. ಫೋನ್ ಬಿಸಿ ಇರಲಿಲ್ಲ, ಬಾಗಿಲು ತಡವಾಗಿ ತೆರೀತಿತ್ತು. ಮೇಲಿನದು ಬೆಳಿಗ್ಗೆ, ಕೆಳಗಿನದು ಈಗ.

```
0% packet loss
rtt min/avg/max/mdev = 38.1/47.3/92.4/9.6 ms

3% packet loss
rtt min/avg/max/mdev = 44.0/168.5/1140.2/171.3 ms
```

ಅಂಕೋಲಾ ಕ್ಲಚ್ · 9:31

ಸರ್ವರ್ ದೂರ ಇದೆ, ಅದಕ್ಕೆ. ವಿಪಿಎನ್ ಇರೋ ಪಿಂಗ್ ಬೂಸ್ಟರ್ ಹಾಕು.

ಟವರ್ ಭಟ್ಟ · 10:05

ದೂರ ಅಲ್ಲ. ಎರಡು ಸಾಲಿನ ಮೊದಲ ಅಂಕಿ ನೋಡಿ, 38 ಮತ್ತು 44. ಹೆಚ್ಚುಕಮ್ಮಿ ಒಂದೇ. ದಾರಿ ಉದ್ದ ಆಗಿದ್ರೆ ಇದೇ ಏರಬೇಕಿತ್ತು. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ 200 ಕಿ.ಮೀ. ಹೋಗ್ತದೆ. ಶಿರಸಿಯಿಂದ ಮುಂಬೈಗೆ ಸುತ್ತಿ ಬಳಸಿ ಸಾವಿರ ಕಿ.ಮೀ. ಅಂದ್ಕೊಂಡ್ರೂ ಹೋಗಿ ಬರೋಕೆ 10 ಮಿಲಿಸೆಕೆಂಡ್. ಉಳಿದಿದ್ದೆಲ್ಲ ನಿನ್ನ ಉಪ್ಪರಿಗೆ ಮತ್ತು ಟವರ್ ನಡುವೆ.

ಏರಿದ್ದು ಸರಾಸರಿ ಮತ್ತು ಗರಿಷ್ಠ. ಅದರ ಅರ್ಥ ಕ್ಯೂ. ಕಾಡು, ಗುಡ್ಡ ದಾಟಿ ನಿಮ್ಮಲ್ಲಿಗೆ ಬರೋದು ಹೆಚ್ಚಾಗಿ 850 ಮೆಗಾಹರ್ಟ್ಸ್ ಅಲೆ ಇರಬೇಕು. ಅದು ದೂರ ಹೋಗ್ತದೆ, ಗೋಡೆ ದಾಟ್ತದೆ, ಆದರೆ ಅದರ ದಾರಿ ಸಪೂರ. ಪೇಟೆಯಲ್ಲಿ ಸಿಗೋ 2300 ದೊಡ್ಡ ರಸ್ತೆ ಇದ್ದ ಹಾಗೆ, ಆದರೆ ಒಂದು ಗುಡ್ಡ ಅಡ್ಡ ಬಂದರೆ ಮುಗೀತು. ರಾತ್ರಿ ಊಟ ಮುಗಿಸಿ ಊರಿಗೆ ಊರೇ ವಿಡಿಯೋ ನೋಡೋಕೆ ಕೂತಾಗ ಆ ಸಪೂರ ದಾರಿಯಲ್ಲಿ ನಿನ್ನ ಚಿಕ್ಕ ಚೀಟಿ ದೊಡ್ಡ ಲಾರಿಗಳ ಹಿಂದೆ ನಿಲ್ಲಬೇಕು. ವಿಡಿಯೋಗೆ ಒಂದು ಸೆಕೆಂಡ್ ತಡ ಆದ್ರೆ ಏನೂ ಆಗೋದಿಲ್ಲ, ಮುಂದಿನ ತುಣುಕು ಮೊದಲೇ ಇಳಿದಿರ್ತದೆ. ನೀನು ಸಾಯ್ತೀಯ. ಅಗ್ಗದ ಡೇಟಾ ನಿಂಗೆ ಆಟ ಕೊಟ್ಟಿತು, ಅದೇ ಅಗ್ಗದ ಡೇಟಾ ರಾತ್ರಿ 9ಕ್ಕೆ ನಿನ್ನ ಪಿಂಗ್ ತಿಂದಿತು. ಪ್ಯಾಕ್‌ನಲ್ಲಿ ಜಿಬಿ ಬರೆದಿರ್ತಾರೆ, ಪಿಂಗ್ ಯಾರೂ ಬರೆದು ಕೊಡೋದಿಲ್ಲ.

ವಿಪಿಎನ್‌ನಿಂದ ಈ ಕ್ಯೂ ತಪ್ಪೋದಿಲ್ಲ. ಅದೂ ಅದೇ ಟವರ್ ದಾಟಿಯೇ ಹೋಗಬೇಕು. ಬೇರೆ ಕಂಪನಿಯ ಸಿಮ್ ಹಾಕಿ ಇದೇ ಹೊತ್ತಲ್ಲಿ ಅಳೆ. ಮನೆ ಹತ್ರ ಫೈಬರ್ ಎಳೆದಿದ್ದರೆ ಅದೇ ಮೇಲು. ಕರೆಂಟ್ ಹೋದಾಗ ಫೈಬರ್ ಡಬ್ಬಿಗೆ ಒಂದು ಚಿಕ್ಕ 12 ವೋಲ್ಟ್ ಯುಪಿಎಸ್ ಬೇಕಾಗ್ತದೆ ಅಷ್ಟೇ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಅದು ಬೇರೆ ಮಾತು.

ಕೋಡಿಬಾಗ್ ಕಿಟ್ಟ · ಭಾನುವಾರ ಸಂಜೆ 6:30

ಇವತ್ತು ಹಾಲ್‌ನಲ್ಲಿ 22 ಹುಡುಗರನ್ನು ಕೂರಿಸಿ ಪರೀಕ್ಷೆ ಮಾಡಿದೆ. ಫೈಬರ್ ಕಂಪನಿಯ ಅದೇ ಒಂದು ರೌಟರ್. ಸ್ಪೀಡ್ ಟೆಸ್ಟ್‌ನಲ್ಲಿ 94 ತೋರಿಸ್ತು. ಆಟ ಶುರು ಆದ ಹತ್ತು ನಿಮಿಷಕ್ಕೆ ಎಲ್ಲರೂ ಕೂಗೋಕೆ ಶುರು. ಪಿಂಗ್ 40ರಿಂದ 300ಕ್ಕೆ ಹಾರ್ತಿತ್ತು. 22ಕ್ಕೇ ಹೀಗಾದ್ರೆ 64ಕ್ಕೆ? ಅಂಕೋಲಾದವ ಹೇಳಿದ 500ರ ಪ್ಲ್ಯಾನೇ ಸರಿನಾ?

ಟವರ್ ಭಟ್ಟ · 7:10

ರೌಟರ್‌ಗೇ ಪಿಂಗ್ ಹೊಡೆದು ನೋಡಿದ್ರಾ? 8.8.8.8 ಬದಲು ನಿಮ್ಮ ರೌಟರ್‌ನ ವಿಳಾಸ ಹಾಕಿ, ಹೆಚ್ಚಾಗಿ 192.168.1.1 ಇರ್ತದೆ. ಅಲ್ಲೇ 300 ಬಂದರೆ ಫೈಬರ್‌ದ್ದು ತಪ್ಪಿಲ್ಲ, ತೊಂದರೆ ಹಾಲ್‌ನ ಗಾಳಿಯಲ್ಲೇ ಇದೆ.

ಲೆಕ್ಕ ನೋಡಿ. 64 ಫೋನ್, ಒಂದೊಂದಕ್ಕೆ ಮ್ಯಾಚ್‌ಗೆ 25 ಎಂಬಿ, ಒಟ್ಟು 1600 ಎಂಬಿ, ಅದೂ ಅರ್ಧ ಗಂಟೆಯಲ್ಲಿ. ಸೆಕೆಂಡಿಗೆ ಒಂದು ಎಂಬಿಯೂ ಇಲ್ಲ, ಅಂದ್ರೆ 7 ಎಂಬಿಪಿಎಸ್ ಹತ್ತಿರ. ನಿಮ್ಮ ಹತ್ರ 100 ಇದೆ. ಆದರೆ ವೈಫೈನಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬನೇ ಮಾತಾಡಬೇಕು. 64 ಫೋನ್ ಸೆಕೆಂಡಿಗೆ ಹತ್ತಾರು ಸಲ ಚಿಕ್ಕ ಚೀಟಿ ಕಳಿಸ್ತವೆ. ಚೀಟಿ ಚಿಕ್ಕದಾದರೂ ಸರದಿ ಕಾಯೋದು ತಪ್ಪೋದಿಲ್ಲ. ಪಂಕ್ತಿಯಲ್ಲಿ ಕೂತ 64 ಜನಕ್ಕೆ ಒಬ್ಬನೇ ಒಂದು ಸೌಟಿನಲ್ಲಿ ಸಾರು ಬಡಿಸಿದ ಹಾಗೆ. ಪಾತ್ರೆ ದೊಡ್ಡದು ಮಾಡಿದರೆ ಏನು ಬಂತು, ಬಡಿಸೋರು ಜಾಸ್ತಿ ಬೇಕು.

ನಾಲ್ಕು ಆಕ್ಸೆಸ್ ಪಾಯಿಂಟ್ ತನ್ನಿ, ಬಾಡಿಗೆಗಾದರೂ ಸರಿ. ನಾಲ್ಕಕ್ಕೂ ಕೇಬಲ್ ಎಳೆಯಿರಿ, ಗಾಳಿಯಲ್ಲಿ ಜೋಡಿಸಬೇಡಿ. 2.4 ಗಿಗಾಹರ್ಟ್ಸ್ ಪೂರ್ತಿ ಬಂದ್, 5 ಮಾತ್ರ. ಚಾನೆಲ್ 36, 44, 149, 157 ಒಂದೊಂದಕ್ಕೆ ಒಂದೊಂದು, ಅಗಲ 20 ಮೆಗಾಹರ್ಟ್ಸ್. ಅಗಲ 80 ಇಟ್ಟರೆ ಸ್ಪೀಡ್ ಟೆಸ್ಟ್ ಚೆಂದ ಕಾಣ್ತದೆ, ಆದರೆ ಎರಡೆರಡು ಒಂದರ ಮೇಲೊಂದು ಬೀಳ್ತವೆ. ನಾಲ್ಕಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ನಾಲ್ಕು ತಂಡಕ್ಕೆ ಒಂದರಂತೆ ಹಂಚಿ. ಪಾಸ್‌ವರ್ಡ್ ಪ್ರೇಕ್ಷಕರ ಕೈಗೆ ಹೋಗಬಾರದು.

ಕೋಡಿಬಾಗ್ ಕಿಟ್ಟ · ಗುರುವಾರ ರಾತ್ರಿ 11:00

ಭಟ್ರೇ, ಕೈಮುಗಿದೆ. ಮೂರು ಆಕ್ಸೆಸ್ ಪಾಯಿಂಟ್ ಸಿಕ್ಕಿತು, ಒಂದು ಗೋವಾದಿಂದ ಬರಬೇಕು. ಇವತ್ತು ಮೂರರಲ್ಲಿ 40 ಹುಡುಗರು ಆಡಿದರು. ರೌಟರ್‌ಗೆ ಪಿಂಗ್ 3ರಿಂದ 8, ಆಟದಲ್ಲಿ 35ರಿಂದ 50. ಕೂಗಾಟ ಇಲ್ಲ.

ಒಮ್ಮೆ ಮಾತ್ರ ಎಲ್ಲರದ್ದೂ ಒಟ್ಟಿಗೆ ಕೆಟ್ಟಿತು. ಹುಡುಕಿದರೆ ಒಬ್ಬನ ಫೋನ್ ವೈಫೈ ಸಿಕ್ಕ ಖುಷಿಗೆ ತಂಗಿ ಮದುವೆಯ ವಿಡಿಯೋಗಳನ್ನೆಲ್ಲ ಬ್ಯಾಕಪ್ ಮಾಡ್ತಿತ್ತು! ಫೈನಲ್ ದಿನ ಬಾಗಿಲಲ್ಲೇ ಎಲ್ಲರ ಬ್ಯಾಕಪ್, ಪ್ಲೇ ಸ್ಟೋರ್ ಆಟೋ ಅಪ್‌ಡೇಟ್ ಬಂದ್ ಮಾಡಿಸಿ ಒಳಗೆ ಬಿಡ್ತೇನೆ. ಫ್ಯಾನ್ ಸಾಲದು, ಕಾರವಾರದ ಸೆಕೆ ಗೊತ್ತಲ್ಲ, ಚಾರ್ಜಿಗೆ ಹಾಕಿ ಆಡಿದ ನಾಲ್ಕು ಫೋನ್ ಮೂರನೇ ಮ್ಯಾಚ್‌ಗೆ ಬಿಸಿಯಾಗಿ ತಡೀತಿದ್ವು. ಮ್ಯಾಚ್ ನಡುವೆ ಮಾತ್ರ ಚಾರ್ಜ್ ಅಂತ ನಿಯಮ ಮಾಡಿದೆ.

ಅಂಕ: ಮೊದಲ ಸ್ಥಾನಕ್ಕೆ 10, ಆಮೇಲೆ 6, 5, 4, 3, 2, 1, 1. ಒಂದು ಫಿನಿಶ್‌ಗೆ 1. ಆರು ಮ್ಯಾಚ್.

ಅಡಕೆ ತೋಟ · 11:20

ಕಿಟ್ಟಣ್ಣ, ಹಾಲ್ ಸರಿ. ಆದರೆ ಶಿರಸಿಯಿಂದ ನಾಲ್ವರು ಘಟ್ಟ ಇಳಿದು ಬರಬೇಕು. ಹೋಗಿ ಬರೋಕೆ ಬಸ್ಸು, ಊಟ, ನಮ್ಮಲ್ಲಿ ಒಬ್ಬ ಹಾಲು ಡೈರಿಗೆ ಹಾಕಿಯೇ ಹೊರಡಬೇಕು. ಮನೆಯಿಂದ ಆಡಿದ್ರೆ ಮ್ಯಾಚ್‌ಗೆ 25 ಎಂಬಿಯಲ್ಲಿ ಮುಗೀತಿತ್ತು. ಬೇರೆ ಕಂಪನಿ ಸಿಮ್ ಹಾಕಿ ನೋಡಿದೆ, ರಾತ್ರಿ 9ಕ್ಕೆ ಸರಾಸರಿ 81, ಗರಿಷ್ಠ 240. ಆಡಬಹುದು, ಗೆಲ್ಲಬಹುದಾ ಗೊತ್ತಿಲ್ಲ.

ಅಂಕೋಲಾ ಕ್ಲಚ್ · 11:26

ನೆಪ ಅಂದಿದ್ದಕ್ಕೆ ಸಾರಿ ಮಾರಾಯ. ಬಸ್ಸಿಂದ ಅಂಕೋಲಾದಲ್ಲಿ ಇಳೀರಿ, ನಮ್ಮ ತಂಡದ ಓಮ್ನಿಯಲ್ಲಿ ಜಾಗ ಉಂಟು. ಆಟದಲ್ಲಿ ಮಾತ್ರ ಬಿಡೋದಿಲ್ಲ.

ಕುಮಟಾ ತಾಯಿ · ಶುಕ್ರವಾರ ಬೆಳಿಗ್ಗೆ 6:50

ಮಗನನ್ನು ಕೇಳಿದೆ. ನಿಮ್ಮ 16 ತಂಡದಲ್ಲಿ ಅವನೂ ಇದ್ದಾನಂತೆ. ಹಾಲ್ ಎಲ್ಲಿ, ಎಷ್ಟು ಗಂಟೆಗೆ ಮುಗೀತದೆ? ನಾನೂ ಬರ್ತೇನೆ.